ಸೆಲ್ಲರ್ ಖಾತೆ ಸಸ್ಪೆಂಡ್ ಆಗಿದೆ, ಮೊದಲ ಅಪೀಲು ತಿರಸ್ಕಾರ. ಎರಡನೆಯದರಲ್ಲಿ ಏನು ಬರೆಯಬೇಕು?

ಕತ್ತರಿ_ಬಾಚಣಿಗೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಟ್ರಿಮ್ಮರ್, ಹೇರ್ ಕ್ಲಿಪ್ಪರ್ ಮಾರುತ್ತೇನೆ. ಸ್ಟಾಕ್ ನಮ್ಮ ಹತ್ತಿರವೇ ಇರುತ್ತದೆ. ಪ್ಯಾಕಿಂಗ್, ರಿಟರ್ನ್ಸ್ ಎಲ್ಲ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಇದ್ದಕ್ಕಿದ್ದಂತೆ ಖಾತೆ ಸಸ್ಪೆಂಡ್ ಮಾಡಿದ್ದಾರೆ. ಬಳಸಿದ ವಸ್ತುವನ್ನು ಹೊಸದು ಎಂದು ಮಾರಿದ್ದೀರಿ ಅಂತ ಕಾರಣ ಕೊಟ್ಟಿದ್ದಾರೆ, 7 ಆರ್ಡರ್ ನಂಬರ್ ಕೂಡ ಕೊಟ್ಟಿದ್ದಾರೆ. ಬರಬೇಕಾದ ಹಣವನ್ನೂ ತಡೆಹಿಡಿದಿದ್ದಾರೆ.

ನಾವು ಹಳೇ ಮಾಲು ತಂದು ಮಾರುವವರಲ್ಲ. ಎಲ್ಲವೂ ಬ್ರ್ಯಾಂಡಿನ ಡಿಸ್ಟ್ರಿಬ್ಯೂಟರ್ ಕಡೆಯಿಂದಲೇ ಬಿಲ್ ಸಮೇತ ಬರುತ್ತದೆ. ಅದನ್ನೇ ಅಪೀಲಿನಲ್ಲಿ ಬರೆದೆ:

"ನಾವು ಹಲವು ವರ್ಷಗಳಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿದ್ದೇವೆ. ನಮ್ಮಲ್ಲಿ ಬಳಸಿದ ವಸ್ತು ಇಲ್ಲವೇ ಇಲ್ಲ. ಕೆಲವು ಗ್ರಾಹಕರು ಸುಳ್ಳು ದೂರು ಕೊಟ್ಟಿದ್ದಾರೆ. ನಮ್ಮ ಕುಟುಂಬ ಇದನ್ನೇ ನಂಬಿದೆ. ಇನ್ನು ಮುಂದೆ ಇನ್ನೂ ಎಚ್ಚರ ವಹಿಸುತ್ತೇವೆ. ದಯವಿಟ್ಟು ಖಾತೆ ತೆರೆಯಿರಿ."

ವಿವರ ಸಾಲದು ಎಂದು ಎರಡು ಸಾಲಿನ ಉತ್ತರ ಬಂತು, ಅಷ್ಟೇ. ಇನ್ನೇನು ವಿವರ ಕೊಡಬೇಕು? ಗೊತ್ತಿದ್ದವರು ಹೇಳಿ.

ಡೀಲ್_ಮಾಸ್ಟರ್

ಬ್ರೋ, ಸಿಂಪಲ್. ಡಿಸ್ಟ್ರಿಬ್ಯೂಟರ್ ಬಿಲ್ ಎಲ್ಲಾ ಸ್ಕ್ಯಾನ್ ಮಾಡಿ ಹಾಕಿ. ಹೊಸ ಮಾಲು ಅಂತ ಬಿಲ್ಲೇ ಹೇಳುತ್ತಲ್ವಾ. ನನ್ನ ಸ್ನೇಹಿತನಿಗೆ ಹಾಗೇ ಆಯ್ತು, ಬಿಲ್ ಕಳಿಸಿದ ಮೇಲೆ ಖಾತೆ ಓಪನ್ ಆಯ್ತು. ದಿನಾ ಒಂದು ಅಪೀಲು ಹಾಕ್ತಾ ಇರಿ, ಸುಮ್ನೆ ಕೂತ್ರೆ ಯಾರೂ ನೋಡಲ್ಲ. ಆಗಲಿಲ್ಲ ಅಂದ್ರೆ ಮನೆಯವರ ಹೆಸರಲ್ಲಿ ಇನ್ನೊಂದು ಖಾತೆ.

ಹಳೇ_ಲೆಡ್ಜರ್

ಇನ್ನೊಂದು ಖಾತೆ ಮಾತ್ರ ಬೇಡವೇ ಬೇಡ. ಅದೇ ವಿಳಾಸ, ಅದೇ ಫೋನು, ಅದೇ ಬ್ಯಾಂಕು, ಅದೇ ಕಂಪ್ಯೂಟರು. ಎರಡೂ ಒಬ್ಬರದೇ ಎಂದು ಅವರ ಸಿಸ್ಟಮ್‌ಗೆ ಗೊತ್ತಾಗುತ್ತದೆ. ಆಮೇಲೆ ಈಗಿನ ದೂರಿನ ಜೊತೆ ಸಸ್ಪೆನ್ಷನ್ ತಪ್ಪಿಸಿಕೊಳ್ಳಲು ನೋಡಿದ್ದೂ ಸೇರಿಕೊಳ್ಳುತ್ತದೆ. ಅದಕ್ಕೆ ಉತ್ತರ ಕೊಡುವುದು ಇದಕ್ಕಿಂತ ಎಷ್ಟೋ ಕಷ್ಟ.

ಬಿಲ್ ವಿಷಯ ಅರ್ಧ ಸರಿ. ಡೀಲ್_ಮಾಸ್ಟರ್ ಅವರ ಸ್ನೇಹಿತರ ಮೇಲೆ ಬಂದ ದೂರು ಬಹುಶಃ ನಕಲಿ ಮಾಲಿನದ್ದು. ಅಲ್ಲಿ ಬಿಲ್ಲೇ ಮುಖ್ಯ ಸಾಕ್ಷಿ. ಇಲ್ಲಿ ಪ್ರಶ್ನೆ ಬೇರೆ. ಮಾಲು ಎಲ್ಲಿಂದ ಬಂತು ಎಂಬುದಕ್ಕೆ ಬಿಲ್ ಉತ್ತರ ಕೊಡುತ್ತದೆ. ನಿಮ್ಮ ಮನೆಗೆ ಬಂದ ಮೇಲೆ ಆ ಪೀಸಿಗೆ ಏನಾಯಿತು ಎಂಬುದು ಬಿಲ್ಲಿನಲ್ಲಿ ಇರುವುದಿಲ್ಲ. ಬಿಲ್ ಜೊತೆಗಿಡಿ, ಆದರೆ ಅದರಿಂದಲೇ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ.

ಕತ್ತರಿ_ಬಾಚಣಿಗೆ ಅವರೇ, ಅಪೀಲು ಓದುವವರು ಮೂರು ವಿಷಯ ಹುಡುಕುತ್ತಾರೆ. ಇದು ಯಾಕೆ ಆಯಿತು, ಆದದ್ದಕ್ಕೆ ಏನು ಮಾಡಿದಿರಿ, ಮತ್ತೆ ಆಗದ ಹಾಗೆ ಏನು ಬದಲಾಯಿಸಿದಿರಿ. ನಿಮ್ಮ ಪತ್ರದಲ್ಲಿ ಈ ಮೂರೂ ಇಲ್ಲ. ಗ್ರಾಹಕರು ಸುಳ್ಳು ಹೇಳಿದರು ಎಂದಿದ್ದೀರಿ. ಹಾಗಿದ್ದರೆ ಸರಿಪಡಿಸಲು ಏನೂ ಇಲ್ಲ ಎಂದ ಹಾಗಾಯಿತು. ಸರಿಪಡಿಸಲು ಏನೂ ಇಲ್ಲ ಎನ್ನುವವರಿಗೆ ಖಾತೆ ತೆರೆದು ಕೊಟ್ಟರೆ ನಾಳೆ ಅದೇ ದೂರು ಮತ್ತೆ ಬರುತ್ತದೆ, ಅಲ್ವಾ? ಅವರ ಲೆಕ್ಕ ಅಷ್ಟೇ.

ಈಗ ಏನೂ ಕಳಿಸಬೇಡಿ. ದಿನಾ ಒಂದು ಕಳಿಸಿದರಂತೂ ಪ್ರತಿ ತಿರಸ್ಕಾರವೂ ಕಡತಕ್ಕೆ ಸೇರುತ್ತಾ ಹೋಗುತ್ತದೆ. ಮೊದಲು ಆ 7 ಆರ್ಡರ್ ತೆಗೆದು ಒಂದೊಂದಕ್ಕೂ ಗ್ರಾಹಕರು ಬರೆದ ಮಾತನ್ನು ಹಾಗೇ ಬರೆದುಕೊಳ್ಳಿ. ರಿಟರ್ನ್ ಕಾರಣದ ಕಾಲಂ, ಮೆಸೇಜು, ರಿವ್ಯೂ, ಮೂರನ್ನೂ ನೋಡಿ. ಆ ಮೇಲೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ಗ್ರಾಹಕರು ವಾಪಸ್ ಕಳಿಸಿದ ಟ್ರಿಮ್ಮರ್ ನಿಮ್ಮ ಬಾಗಿಲಿಗೆ ಬಂದ ಕ್ಷಣದಿಂದ ಎಲ್ಲೆಲ್ಲಿಗೆ ಹೋಗುತ್ತದೆ?

ಬಟ್ಟೆಗಂಟು

ನನಗೂ ಸಸ್ಪೆಂಡ್ ಆಗಿತ್ತು. ನಾನು ಬಟ್ಟೆ ಮಾರುತ್ತೇನೆ. ಆರ್ಡರ್ ಜಾಸ್ತಿ ಬಂದು ಕಳಿಸೋದು ತಡ ಆಯ್ತು, ತಡದ ಪ್ರಮಾಣ ಮಿತಿ ದಾಟಿತು ಅಂತ ನಿಲ್ಲಿಸಿದ್ದರು. ಇನ್ನೊಬ್ಬ ಹುಡುಗನನ್ನು ಪ್ಯಾಕಿಂಗ್‌ಗೆ ಇಟ್ಟುಕೊಂಡೆ, ಕಳಿಸುವ ಅವಧಿ 1 ದಿನ ಇದ್ದದ್ದನ್ನು 2 ದಿನ ಮಾಡಿದೆ, ಅದನ್ನೇ ಬರೆದೆ, ತೆರೆದರು. ನೀವೂ ಕಳಿಸುವ ಅವಧಿ ಜಾಸ್ತಿ ಮಾಡಿ ನೋಡಿ.

ಹಳೇ_ಲೆಡ್ಜರ್

ಬಟ್ಟೆಗಂಟು, ನಿಮ್ಮದು ತಡದ ದೂರು, ಅದಕ್ಕೆ ಅವಧಿ ಬದಲಾಯಿಸಿದ್ದು ಸರಿಯಾದ ಮದ್ದು. ಇವರ ದೂರು ಮಾಲಿನ ಸ್ಥಿತಿಯದ್ದು. ಅವಧಿ ಎಷ್ಟೇ ಇಟ್ಟರೂ ಬಳಸಿದ ಟ್ರಿಮ್ಮರ್ ಹೊಸದಾಗುವುದಿಲ್ಲ. ಆದರೆ ನೀವು ಒಂದು ಕೆಲಸ ಚೆನ್ನಾಗಿ ಮಾಡಿದ್ದೀರಿ. ಮೊದಲು ಬದಲಾಯಿಸಿ ಆಮೇಲೆ ಬರೆದಿರಿ. ಅದು ಎಲ್ಲರಿಗೂ ಅನ್ವಯಿಸುತ್ತದೆ.

ಸುಮ್ನೆ_ಓದುವವಳು

ನಾನು ಮಾರುವವಳಲ್ಲ, ಕೊಳ್ಳುವವಳು. ನನಗೆ ಒಮ್ಮೆ ಇಂಥ ಟ್ರಿಮ್ಮರ್ ಬಂದಿತ್ತು, ತಮ್ಮನಿಗೆ ಅಂತ ತರಿಸಿದ್ದು. ಬಾಕ್ಸ್ ಹೊರಗಿಂದ ಚೆನ್ನಾಗೇ ಇತ್ತು. ಮುಚ್ಚಳದ ಮೇಲೆ ಗುಂಡಗಿನ ಪಾರದರ್ಶಕ ಸ್ಟಿಕ್ಕರ್ ಇರುತ್ತಲ್ಲ, ಅದು ಇತ್ತು. ಆದರೆ ಅದರ ಅಂಚಿನಲ್ಲಿ ಬಾಕ್ಸಿನ ಬಣ್ಣ ಸಿಪ್ಪೆ ಎದ್ದು ಬಿಳಿ ಕಾಗದ ಕಾಣುತ್ತಿತ್ತು. ಒಳಗೆ ಬ್ಲೇಡ್ ಬಿಚ್ಚಿ ನೋಡಿದರೆ ಹಲ್ಲಿನ ಹಿಂದೆ ಸಣ್ಣ ಸಣ್ಣ ಕೂದಲು. ಬೇರೆ ಯಾರದ್ದೋ ಕೂದಲು! ಇನ್ನೊಬ್ಬರ ಚರ್ಮಕ್ಕೆ ತಾಗಿದ್ದು ನಮ್ಮ ಮನೆಯವರ ಮುಖಕ್ಕೆ. ದಯವಿಟ್ಟು ಗ್ರಾಹಕರು ಸುಳ್ಳು ಹೇಳುತ್ತಾರೆ ಅಂತ ಮೊದಲೇ ತೀರ್ಮಾನ ಮಾಡಬೇಡಿ.

ಕತ್ತರಿ_ಬಾಚಣಿಗೆ

ಮೇಡಂ, ನೀವು ಬರೆದದ್ದು ಓದಿ ನಾನು ನೇರ ರ‍್ಯಾಕ್ ಹತ್ತಿರ ಹೋಗಿ ಸ್ಟಿಕ್ಕರ್ ನೋಡಿದೆ. ನಿಜ, ಕೆಲವದರ ಕೆಳಗೆ ಬಣ್ಣ ಎದ್ದಿದೆ.

ಹಳೇ_ಲೆಡ್ಜರ್ ಕೇಳಿದ ಪ್ರಶ್ನೆಯನ್ನು ತಮ್ಮನಿಗೆ ಕೇಳಿದೆ. ರಿಟರ್ನ್ ಪಾರ್ಸೆಲ್ ಬಂದರೆ ಪ್ಯಾಕಿಂಗ್ ಮೇಜಿನ ತುದಿಗೆ ಇಡುತ್ತಾನೆ. ಕೆಲಸ ಕಡಿಮೆ ಇದ್ದಾಗ ಬಿಚ್ಚಿ ನೋಡುತ್ತಾನೆ. ಬಾಕ್ಸ್ ಹರಿದಿದ್ದರೆ ಬೇರೆ ಇಡುತ್ತಾನೆ. ಬಾಕ್ಸ್ ಚೆನ್ನಾಗಿದ್ದು ಸ್ಟಿಕ್ಕರ್ ಇದ್ದರೆ, ರಿಟರ್ನ್ ಕಾರಣದಲ್ಲಿ "ಬೇಡವಾಯಿತು" ಅಂತ ಇದ್ದರೆ, ತೆರೆದೇ ಇಲ್ಲ ಅಂದುಕೊಂಡು ರ‍್ಯಾಕಿಗೆ. ಈ ಬ್ರ್ಯಾಂಡಿನ ಬಾಕ್ಸಿಗೆ ಪ್ಲಾಸ್ಟಿಕ್ ಹೊದಿಕೆ ಇಲ್ಲ, ಆ ಸ್ಟಿಕ್ಕರ್ ಒಂದೇ. ನಿಧಾನವಾಗಿ ಬಿಚ್ಚಿದರೆ ಮತ್ತೆ ಅಂಟಿಕೊಳ್ಳುತ್ತದೆ.

ಗ್ರಾಹಕರ ಮಾತುಗಳನ್ನೂ ಬರೆದುಕೊಂಡೆ. ನಾಲ್ವರು ಕೂದಲು ಅಥವಾ ಗೀರು ಇದೆ ಎಂದಿದ್ದಾರೆ. ಇಬ್ಬರು "ಬ್ಲೇಡ್ ಎಣ್ಣೆ ಎಣ್ಣೆ, ಯಾರೋ ಬಳಸಿದ್ದಾರೆ" ಎಂದಿದ್ದಾರೆ, ಅದರಲ್ಲಿ ಒಬ್ಬರು ಬ್ಯಾಟರಿ ಅರ್ಧ ಚಾರ್ಜ್ ಆಗಿತ್ತು ಎಂದೂ ಬರೆದಿದ್ದಾರೆ. ಇನ್ನೊಬ್ಬರು ಬರೀ "ಹಳೆಯದು" ಎಂದಿದ್ದಾರೆ.

ಹಳೇ_ಲೆಡ್ಜರ್

ನೋಡಿ, ಒಂದೇ ಹೆಸರಿನ ದೂರಿನೊಳಗೆ ಎರಡು ಬೇರೆ ಕಾರಣ ಇವೆ.

ಎಣ್ಣೆಯ ಇಬ್ಬರದ್ದು ಬೇರೆ. ಕ್ಲಿಪ್ಪರ್, ಟ್ರಿಮ್ಮರ್ ಬ್ಲೇಡಿಗೆ ಫ್ಯಾಕ್ಟರಿಯಲ್ಲೇ ಎಣ್ಣೆ ಹಚ್ಚಿ ಕಳಿಸುವುದು ಸಾಮಾನ್ಯ, ತುಕ್ಕು ಹಿಡಿಯಬಾರದು ಅಂತ. ಲಿಥಿಯಂ ಬ್ಯಾಟರಿಯೂ ಸ್ವಲ್ಪ ಚಾರ್ಜ್ ಇಟ್ಟೇ ಬರುತ್ತದೆ. ಗೊತ್ತಿಲ್ಲದವರಿಗೆ ಅದು ಬಳಸಿದ ಹಾಗೇ ಕಾಣುತ್ತದೆ. ಅದು ನಿಮ್ಮ ಲಿಸ್ಟಿಂಗ್‌ನಲ್ಲಿ ಬರೆದಿಲ್ಲ ಅಂದುಕೊಳ್ಳುತ್ತೇನೆ. ಆದರೆ ಇದನ್ನು ಪತ್ರದ ಮೊದಲಿಗೆ ಹಾಕಬೇಡಿ, ನೆಪ ಹೇಳಿದ ಹಾಗೆ ಕೇಳುತ್ತದೆ.

ಆ ನಾಲ್ವರದ್ದೇ ನಿಜವಾದ ವಿಷಯ. ವಾಪಸ್ ಬಂದ ಪೀಸ್ ಮತ್ತೆ ಹೊಸದಾಗಿ ಹೋಗಿದೆ ಎಂದು ನನ್ನ ಅಂದಾಜು. ಅಂದಾಜು ಸಾಲದು, ತೋರಿಸಬೇಕು. ನಿಮ್ಮಲ್ಲಿ ಸೀರಿಯಲ್ ನಂಬರಿನ ದಾಖಲೆ ಏನಾದರೂ ಇದೆಯಾ?

ಕತ್ತರಿ_ಬಾಚಣಿಗೆ

ರಿಜಿಸ್ಟರ್ ಇಲ್ಲ. ಆದರೆ ಪ್ಯಾಕ್ ಮಾಡುವಾಗ ಬಾಕ್ಸಿನ ಸೀರಿಯಲ್ ನಂಬರು ಮತ್ತು ಶಿಪ್ಪಿಂಗ್ ಲೇಬಲ್ ಎರಡೂ ಕಾಣುವ ಹಾಗೆ ಫೋಟೋ ತೆಗೆಯುತ್ತೇವೆ. ಗ್ರಾಹಕರು ಬೇರೆ ಪೀಸ್ ವಾಪಸ್ ಕಳಿಸಿದರೆ ತೋರಿಸಲು ಅಂತ.

ಹಳೇ_ಲೆಡ್ಜರ್

ಅದೇ ನಿಮ್ಮ ಚಿನ್ನ. ದೂರು ಬಂದ 7 ಆರ್ಡರಿನ ಫೋಟೋದಿಂದ ಸೀರಿಯಲ್ ಬರೆದುಕೊಳ್ಳಿ. ಅದೇ ಸೀರಿಯಲ್ ಹಿಂದೆ ಬೇರೆ ಯಾವುದಾದರೂ ಆರ್ಡರಿನ ಫೋಟೋದಲ್ಲಿ ಇದೆಯಾ ಹುಡುಕಿ. ಇದ್ದರೆ ಆ ಪೀಸ್ ಎರಡು ಸಲ ಹೋಗಿದೆ ಎಂದರ್ಥ, ಅದರ ಮೇಲೆ ವಾದವೇ ಇಲ್ಲ. ಹುಡುಕುವುದು ಬೇಜಾರಿನ ಕೆಲಸ. ರಿಟರ್ನ್ ಆದ ಆರ್ಡರುಗಳ ಫೋಟೋ ಮಾತ್ರ ನೋಡಿದರೆ ಸಾಕು, ಎಲ್ಲವೂ ಬೇಡ.

ಗೋದಾಮಿನಿಂದ

ಮಧ್ಯೆ ಒಂದು ಮಾತು. ಸ್ಟಾಕನ್ನು ಮಾರ್ಕೆಟ್‌ಪ್ಲೇಸಿನ ಗೋದಾಮಿನಲ್ಲಿ ಇಡುವವರೂ ಇದನ್ನು ಓದುತ್ತಿರಬಹುದು. ಅಲ್ಲಿ ರಿಟರ್ನ್ ಬಂದ ಪೀಸನ್ನು ಅವರ ಸಿಬ್ಬಂದಿಯೇ ನೋಡಿ, ಮಾರಬಹುದು ಅಂತ ಅನಿಸಿದರೆ ಮತ್ತೆ ನಿಮ್ಮ ಹೊಸ ಸ್ಟಾಕಿಗೇ ಸೇರಿಸುತ್ತಾರೆ. ಅವರು ನೋಡುವುದು ಬಾಕ್ಸನ್ನು. ಬ್ಲೇಡಿನ ಹಿಂದೆ ಕೂದಲು ಹುಡುಕುವವರು ಯಾರೂ ಇಲ್ಲ. ಅಂಥವರು ಗೋದಾಮಿನಲ್ಲಿರುವ ಆ ಮಾಲನ್ನು ವಾಪಸ್ ತರಿಸಿಕೊಂಡು, ತರಿಸಿದ ರಸೀದಿಯನ್ನು ಅಪೀಲಿಗೆ ಸೇರಿಸಬೇಕು.

ಹಳೇ_ಲೆಡ್ಜರ್

ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ, ಬರೆದದ್ದು ಒಳ್ಳೆಯದಾಯಿತು. ಅಲ್ಲಿ ತಪ್ಪು ಗೋದಾಮಿನವರದ್ದೇ ಆದರೂ ಪತ್ರದಲ್ಲಿ ಹಾಗೆ ಬರೆದು ನಿಲ್ಲಿಸಬಾರದು. ನಿಮ್ಮ ಕೈಯಲ್ಲಿರುವುದು ಏನು, ಅದನ್ನು ಹೇಗೆ ಬದಲಾಯಿಸಿದಿರಿ ಎಂಬುದಷ್ಟೇ ಓದುವವರಿಗೆ ಉಪಯೋಗ.

ಕತ್ತರಿ_ಬಾಚಣಿಗೆ

ಹುಡುಕಿ ಮುಗಿಸಿದೆವು. ಕೂದಲು, ಗೀರು ಅಂದ ನಾಲ್ಕೂ ಪೀಸ್ ಹಿಂದೆ ಬೇರೆ ಗ್ರಾಹಕರಿಗೆ ಹೋಗಿ ವಾಪಸ್ ಬಂದವು. ನಾಲ್ಕೂ! ಎಣ್ಣೆ ಅಂದ ಎರಡು ಪೀಸ್ ಮೊದಲ ಸಲವೇ ಹೋದದ್ದು, ಯಾವ ಹಳೇ ಫೋಟೋದಲ್ಲೂ ಇಲ್ಲ. ಏಳನೆಯದರ ಫೋಟೋ ಮಸುಕಾಗಿದೆ, ನಂಬರ್ ಓದಲು ಆಗುತ್ತಿಲ್ಲ.

ರ‍್ಯಾಕಿನಲ್ಲಿರುವ 212 ಪೀಸುಗಳ ಸೀರಿಯಲ್ಲನ್ನೂ ಹಾಗೇ ಹೋಲಿಸಿದೆವು. ಇನ್ನೂ 11 ಪೀಸ್ ಒಮ್ಮೆ ಹೋಗಿ ಬಂದವು ಸಿಕ್ಕಿವೆ. ತೆಗೆದು ಬೇರೆ ಇಟ್ಟಿದ್ದೇನೆ.

ಈಗ ಈ ಪತ್ರ ಸರಿಯಿದೆಯಾ ನೋಡಿ:

"ನಮ್ಮ ಸಿಬ್ಬಂದಿಯ ಅಜಾಗರೂಕತೆಯಿಂದ ಕೆಲವು ರಿಟರ್ನ್ ಪೀಸುಗಳು ಹೊಸ ಸ್ಟಾಕಿನಲ್ಲಿ ಸೇರಿದವು. ಇದಕ್ಕಾಗಿ ವಿಷಾದಿಸುತ್ತೇವೆ. ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ. ಗುಣಮಟ್ಟ ಪರೀಕ್ಷೆ ಹೆಚ್ಚಿಸುತ್ತೇವೆ. ಇನ್ನು ಮುಂದೆ ಪ್ರತಿ ಪೀಸನ್ನು ಸರಿಯಾಗಿ ಪರಿಶೀಲಿಸುತ್ತೇವೆ."

ಡೀಲ್_ಮಾಸ್ಟರ್

ಸೂಪರ್. ಆದ್ರೆ ಆ 11 ಪೀಸ್ ಸಿಕ್ಕಿದ್ದು ಬರೀಬೇಡಿ ಬ್ರೋ. ಅವರಿಗೆ ಗೊತ್ತೇ ಇಲ್ಲ, ನೀವೇ ಯಾಕೆ ಹೇಳ್ತೀರಿ. ಇನ್ನೊಂದು, ಹಳೇ ಲಿಸ್ಟಿಂಗ್ ಡಿಲೀಟ್ ಮಾಡಿ ಹೊಸದು ಮಾಡಿ. ಕೆಟ್ಟ ರಿವ್ಯೂ ಎಲ್ಲ ಹೋಗುತ್ತೆ. ಆ ಏಳು ಜನಕ್ಕೂ ಫೋನ್ ಮಾಡಿ ದುಡ್ಡು ವಾಪಸ್ ಕೊಡ್ತೀವಿ ರಿವ್ಯೂ ತೆಗೀರಿ ಅನ್ನಿ.

ಹಳೇ_ಲೆಡ್ಜರ್

ದುಡ್ಡು ವಾಪಸ್ ಕೊಡುವುದು ಸರಿ. ಅದನ್ನು ರಿವ್ಯೂಗೆ ಕಟ್ಟುವುದು ಮಾತ್ರ ದೊಡ್ಡ ತಪ್ಪು. ಹಣ ಕೊಟ್ಟು ರಿವ್ಯೂ ತೆಗೆಸುವುದು ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳ ನಿಯಮಕ್ಕೆ ವಿರುದ್ಧ, ಒಬ್ಬ ಗ್ರಾಹಕರು ಆ ಮೆಸೇಜ್ ತೋರಿಸಿದರೆ ಅದೇ ಎರಡನೇ ಸಸ್ಪೆನ್ಷನ್. ಮಾರ್ಕೆಟ್‌ಪ್ಲೇಸಿನೊಳಗಿನ ರೀಫಂಡ್ ಬಟನ್ ಒತ್ತಿ, ಪೂರ್ತಿ ಹಣ ಕೊಡಿ, ಪೀಸ್ ವಾಪಸ್ ಕೇಳಬೇಡಿ. ಬೇರೇನೂ ಕೇಳಬೇಡಿ. ಲಿಸ್ಟಿಂಗ್ ಅಳಿಸಿ ಹೊಸದು ಮಾಡಿದರೂ ಬಚ್ಚಿಟ್ಟ ಹಾಗೇ ಕಾಣುತ್ತದೆ.

11 ಪೀಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಅದೇ ನಿಮ್ಮ ಪತ್ರದ ಅತ್ಯಂತ ಗಟ್ಟಿಯಾದ ಸಾಲು. ಹುಡುಕದೇ ಇದ್ದಿದ್ದರೆ ಆ ಹನ್ನೊಂದೂ ನಾಳೆ ಹನ್ನೊಂದು ಮನೆಗೆ ಹೋಗುತ್ತಿದ್ದವು. ನೀವು ಹುಡುಕಿದಿರಿ, ಹಿಡಿದಿರಿ, ಹೊರಗಿಟ್ಟಿರಿ. ಇದಕ್ಕಿಂತ ಒಳ್ಳೆಯ ಪುರಾವೆ ಎಲ್ಲಿಂದ ತರುತ್ತೀರಿ?

ಈಗ ನಿಮ್ಮ ಪತ್ರ. ಮೊದಲನೆಯದಕ್ಕಿಂತ ಎಷ್ಟೋ ವಾಸಿ, ಆದರೆ ಇದೂ ತಿರಸ್ಕಾರ ಆಗುತ್ತದೆ. "ಸಿಬ್ಬಂದಿಯ ಅಜಾಗರೂಕತೆ" ಕಾರಣವೇ ಅಲ್ಲ. ನಿಮ್ಮ ತಮ್ಮ ಅಜಾಗರೂಕನಾಗಿರಲಿಲ್ಲ, ಅವನು ಒಂದು ನಿಯಮ ಇಟ್ಟುಕೊಂಡಿದ್ದ. ಬಾಕ್ಸ್ ಚೆನ್ನಾಗಿದ್ದರೆ, ಸ್ಟಿಕ್ಕರ್ ಇದ್ದರೆ ಹೊಸದು ಅಂತ. ಆ ನಿಯಮವೇ ತಪ್ಪು. ಯಾಕೆಂದರೆ ಸ್ಟಿಕ್ಕರ್ ಬಿಚ್ಚಿ ಮತ್ತೆ ಅಂಟಿಸಬಹುದು. ಕಾರಣ ಅಷ್ಟು ಸ್ಪಷ್ಟವಾಗಿ ಬರೆದರೆ ಪರಿಹಾರ ಏನಾಗಬೇಕು ಎಂದು ಓದುವವರಿಗೇ ಹೊಳೆಯುತ್ತದೆ. ಅಜಾಗರೂಕತೆ ಎಂದು ಬರೆದರೆ ಇನ್ನು ಮೇಲೆ ಜಾಗರೂಕರಾಗಿರುತ್ತೇವೆ ಎನ್ನುವುದು ಬಿಟ್ಟು ಬೇರೆ ಪರಿಹಾರವೇ ಇಲ್ಲ. ಆ ಮಾತನ್ನು ಅವರು ದಿನಾ ಓದುತ್ತಾರೆ.

"ತರಬೇತಿ ಕೊಡುತ್ತೇವೆ, ಪರೀಕ್ಷೆ ಹೆಚ್ಚಿಸುತ್ತೇವೆ" ಎಂದಿದ್ದೀರಿ. ಯಾವಾಗ, ಏನು, ಯಾರು? ಮಾಡಿ ಮುಗಿಸಿ, ತಾರೀಖು ಹಾಕಿ, ಫೋಟೋ ತೆಗೆದು ಬರೆಯಿರಿ. ರಿಟರ್ನ್‌ಗೆ ಬೇರೆ ಜಾಗ ಬೇಕು, ಮೇಜಿನ ತುದಿ ಅಲ್ಲ. ಮೈಗೆ ತಾಗುವ ವಸ್ತು ಒಮ್ಮೆ ಹೋಗಿ ಬಂದರೆ ತೆರೆದಿರಲಿ ಬಿಡಲಿ ಹೊಸದಾಗಿ ಮಾರುವುದಿಲ್ಲ ಎಂಬ ನಿಯಮ ಬೇಕು. ಇದರಲ್ಲಿ ಪರಿಶೀಲನೆಯ ಪ್ರಶ್ನೆಯೇ ಬರಬಾರದು. ಪರಿಶೀಲಿಸಿ ನಿರ್ಧಾರ ಮಾಡುತ್ತೇವೆ ಎಂದರೆ ಮತ್ತೆ ಮನುಷ್ಯರ ಕಣ್ಣನ್ನೇ ನಂಬಿದ ಹಾಗೆ. ಮೂರನೆಯದು ಸೀರಿಯಲ್ ರಿಜಿಸ್ಟರ್. ಒಂದು ಸ್ಪ್ರೆಡ್‌ಶೀಟ್ ಸಾಕು, ಪ್ಯಾಕ್ ಮಾಡುವಾಗ ಸ್ಕ್ಯಾನ್ ಮಾಡಿದ ನಂಬರ್ ಆಗಲೇ ಇದ್ದರೆ ಸೆಲ್ ಕೆಂಪಾಗಬೇಕು. ಕೆಂಪಾದರೆ ಆ ಪೀಸ್ ಹೋಗಬಾರದು.

ಬಟ್ಟೆಗಂಟು

ಸೀರಿಯಲ್ ನಂಬರ್ ಇಲ್ಲದ ವಸ್ತುಗಳಿಗೆ ಏನು ಮಾಡೋದು? ನನ್ನ ಬಟ್ಟೆಗೆಲ್ಲ ಎಲ್ಲಿಂದ ಬರಬೇಕು.

ಗೋದಾಮಿನಿಂದ

ನಾವು ಸ್ಟಾಕ್ ಒಳಗೆ ಬರುವಾಗಲೇ ಒಂದು ಸೀಲ್ ಹಚ್ಚುತ್ತೇವೆ, ಬಿಚ್ಚಿದರೆ ಗುರುತು ಉಳಿಯುವಂಥದ್ದು. ಅದರ ಮೇಲೆ ನಮ್ಮದೇ ಓಡುವ ನಂಬರ್. ಬಟ್ಟೆಗೆ ಹೊರಕ್ಕೆ ಕಾಣುವ ಜಾಗದಲ್ಲಿ ಟ್ಯಾಗ್ ಹಾಕುವವರಿದ್ದಾರೆ, ಕತ್ತರಿಸದೆ ಹಾಕಿಕೊಳ್ಳಲು ಆಗದ ಹಾಗೆ. ಟ್ರಿಮ್ಮರ್‌ಗೂ ಇಂಥ ಸೀಲ್ ಹಚ್ಚಬಹುದು, ಫ್ಯಾಕ್ಟರಿ ಸ್ಟಿಕ್ಕರ್ ಮೇಲೆ ಅಲ್ಲ, ಪಕ್ಕದಲ್ಲಿ. ಮೇಲೆ ಹಚ್ಚಿದರೆ ಕೆಲವು ಗ್ರಾಹಕರಿಗೆ ಅದೇ ಅನುಮಾನ ಹುಟ್ಟಿಸುತ್ತದೆ.

ಸುಮ್ನೆ_ಓದುವವಳು

ನನಗೂ ಎರಡು ಟೇಪ್ ಕಂಡರೆ ಅನುಮಾನವೇ ಬರುತ್ತದೆ. ಲಿಸ್ಟಿಂಗ್‌ನಲ್ಲಿ "ಪ್ರತಿ ಬಾಕ್ಸಿಗೂ ನಮ್ಮ ನಂಬರಿನ ಸೀಲ್ ಇರುತ್ತದೆ, ಅದು ಹರಿದಿದ್ದರೆ ತೆಗೆದುಕೊಳ್ಳಬೇಡಿ" ಅಂತ ಬರೆದರೆ ಒಳ್ಳೆಯದು.

ಕತ್ತರಿ_ಬಾಚಣಿಗೆ

ಹೇಳಿದ್ದೆಲ್ಲ ಮಾಡಿದೆವು. ಇನ್ನೊಂದು ತೊಡಕು ಇದೆ. ಡಿಸ್ಟ್ರಿಬ್ಯೂಟರ್ ಬಿಲ್ಲಿನಲ್ಲಿ ನಮ್ಮ ಹಳೇ ವಿಳಾಸ ಇದೆ, ಸೆಲ್ಲರ್ ಖಾತೆಯಲ್ಲಿ ಹೊಸ ವಿಳಾಸ. ಬಿಲ್ಲಿನ ಪಿಡಿಎಫ್‌ನಲ್ಲಿ ವಿಳಾಸ ಸರಿಮಾಡಿ ಹಾಕಿಬಿಡಲಾ? ನಮ್ಮದೇ ವಿಳಾಸ ತಾನೇ.

ಹಳೇ_ಲೆಡ್ಜರ್

ಬೇಡ! ಒಂದಕ್ಷರವನ್ನೂ ಮುಟ್ಟಬೇಡಿ. ತಿದ್ದಿದ ದಾಖಲೆ ಎಂದು ಗೊತ್ತಾದರೆ ಖಾತೆ ಶಾಶ್ವತವಾಗಿ ಹೋದ ಹಾಗೇ. ಅವರು ಡಿಸ್ಟ್ರಿಬ್ಯೂಟರಿಗೆ ಫೋನ್ ಮಾಡಿ ಬಿಲ್ ನಂಬರ್ ಕೇಳುವುದೂ ಉಂಟು. ಖರೀದಿ ದರ ಮುಚ್ಚಲು ಕೆಲವು ಕಡೆ ಬಿಡುತ್ತಾರೆ, ಉಳಿದದ್ದೆಲ್ಲ ಇದ್ದ ಹಾಗೇ ಇರಬೇಕು. ಡಿಸ್ಟ್ರಿಬ್ಯೂಟರ್ ಹತ್ತಿರ ಅವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತೆಗೆದುಕೊಳ್ಳಿ. ಈ ಹೆಸರಿನ ಸಂಸ್ಥೆ, ಹಿಂದಿನ ವಿಳಾಸ ಇದು, ಈಗಿನದು ಇದು ಎಂದು. ಜೊತೆಗೆ ವಿಳಾಸ ಬದಲಾದದ್ದಕ್ಕೆ ನಿಮ್ಮ ನೋಂದಣಿ ದಾಖಲೆ. ಬಿಲ್‌ಗಳು ಕಳೆದ 365 ದಿನದೊಳಗಿನವಾಗಿರಲಿ, ಅವುಗಳಲ್ಲಿರುವ ಪ್ರಮಾಣ ನೀವು ಮಾರಿದ ಪ್ರಮಾಣಕ್ಕೆ ಹೊಂದಬೇಕು. 300 ಮಾರಿ 50ರ ಬಿಲ್ ಕೊಟ್ಟರೆ ಉಳಿದ 250 ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಪ್ರೊಫಾರ್ಮಾ ಬಿಲ್ ಸಾಮಾನ್ಯವಾಗಿ ನಡೆಯುವುದಿಲ್ಲ.

ಹಾಂ, ಸಸ್ಪೆಂಡ್ ಆಗುವ ಮುಂಚೆ ಬಂದ ಆರ್ಡರುಗಳು ಬಾಕಿ ಇದ್ದರೆ ಸಮಯಕ್ಕೆ ಕಳಿಸಿ, ಗ್ರಾಹಕರ ಮೆಸೇಜಿಗೆ ಉತ್ತರ ಕೊಡಿ. ಆ ಲೆಕ್ಕ ನಿಲ್ಲುವುದಿಲ್ಲ. ದೋಷದ ಆರ್ಡರುಗಳ ಮಿತಿ ಅಮೆಜಾನ್‌ನಲ್ಲಿ 1% ಒಳಗೆ. ಸಣ್ಣ ಸೆಲ್ಲರ್‌ಗೆ ಒಂದೆರಡು ಆರ್ಡರ್ ಕೆಟ್ಟರೂ ಅದು ಮೀರಿಬಿಡುತ್ತದೆ.

ಕತ್ತರಿ_ಬಾಚಣಿಗೆ

ಸರಿ, ತಿದ್ದುವುದಿಲ್ಲ. ಡಿಸ್ಟ್ರಿಬ್ಯೂಟರ್ ಪತ್ರ ಕೊಟ್ಟರು. ಈಗಿನ ಕರಡು ಇದು:

"ದೂರಿನಲ್ಲಿರುವ 7 ಆರ್ಡರುಗಳನ್ನು ನಮ್ಮ ಪ್ಯಾಕಿಂಗ್ ಫೋಟೋಗಳ ಜೊತೆ ಹೋಲಿಸಿದೆವು. ಅವುಗಳಲ್ಲಿ 4 ಪೀಸುಗಳು ಹಿಂದೆ ಬೇರೆ ಗ್ರಾಹಕರಿಗೆ ಹೋಗಿ ವಾಪಸ್ ಬಂದವು. ಸೀರಿಯಲ್ ನಂಬರ್ ಮತ್ತು ಎರಡೂ ಆರ್ಡರ್ ನಂಬರ್ ಲಗತ್ತಿಸಿದ ಪಟ್ಟಿಯಲ್ಲಿವೆ. ಬಾಕ್ಸಿಗೆ ಹಾನಿ ಇಲ್ಲದ, ಸ್ಟಿಕ್ಕರ್ ಇರುವ ರಿಟರ್ನ್‌ಗಳನ್ನು ತೆರೆದಿಲ್ಲವೆಂದು ಭಾವಿಸಿ ಮತ್ತೆ ರ‍್ಯಾಕಿಗೆ ಇಡುತ್ತಿದ್ದೆವು. ಆ ಸ್ಟಿಕ್ಕರನ್ನು ಬಿಚ್ಚಿ ಮತ್ತೆ ಅಂಟಿಸಬಹುದು, ಹಾಗಾಗಿ ಈ ವಿಧಾನ ತಪ್ಪು. 2 ದೂರು ಫ್ಯಾಕ್ಟರಿಯಲ್ಲಿ ಹಚ್ಚುವ ಬ್ಲೇಡ್ ಎಣ್ಣೆಯ ಬಗ್ಗೆ, ಅದನ್ನು ನಮ್ಮ ವಿವರಣೆಯಲ್ಲಿ ತಿಳಿಸಿರಲಿಲ್ಲ. 1 ಆರ್ಡರಿನ ಫೋಟೋ ಸ್ಪಷ್ಟವಾಗಿಲ್ಲದ ಕಾರಣ ಪತ್ತೆ ಆಗಲಿಲ್ಲ.

7 ಗ್ರಾಹಕರಿಗೂ ಪೂರ್ತಿ ಹಣ ವಾಪಸ್ ಕೊಟ್ಟಿದ್ದೇವೆ. ರ‍್ಯಾಕಿನಲ್ಲಿದ್ದ 212 ಪೀಸುಗಳ ಸೀರಿಯಲ್ ಹೋಲಿಸಿ, ವಾಪಸ್ ಬಂದಿದ್ದ 11 ಪೀಸುಗಳನ್ನು ಮಾರಾಟದಿಂದ ತೆಗೆದಿದ್ದೇವೆ.

ವಾಪಸ್ ಬಂದ ಯಾವ ಟ್ರಿಮ್ಮರನ್ನೂ ಈಗ ಹೊಸದಾಗಿ ಮಾರುವುದಿಲ್ಲ. ರಿಟರ್ನ್‌ಗಳು ಬೀಗವಿರುವ ಬೇರೆ ಕಪಾಟಿಗೆ ಹೋಗುತ್ತವೆ, ಫೋಟೋ ಲಗತ್ತಿಸಿದೆ. ಕಳಿಸುವ ಪ್ರತಿ ಪೀಸಿನ ಸೀರಿಯಲ್ ಸ್ಕ್ಯಾನ್ ಆಗುತ್ತದೆ, ಹಿಂದೆ ಹೋದ ನಂಬರ್ ಆದರೆ ಶೀಟ್ ತಡೆಯುತ್ತದೆ. ಬಾಕ್ಸಿಗೆ ನಮ್ಮ ನಂಬರಿನ ಸೀಲ್ ಹಚ್ಚುತ್ತಿದ್ದೇವೆ. ಎಣ್ಣೆ ಮತ್ತು ಬ್ಯಾಟರಿ ಚಾರ್ಜ್ ಬಗ್ಗೆ ವಿವರಣೆಯಲ್ಲಿ ಸೇರಿಸಲು ಸಾಲು ಸಿದ್ಧವಿದೆ, ಖಾತೆ ತೆರೆದ ಕೂಡಲೇ ಹಾಕುತ್ತೇವೆ."

ಪ್ರತಿ ಬದಲಾವಣೆಯ ಪಕ್ಕ ತಾರೀಖು ಹಾಕಿದ್ದೇನೆ, ಇಲ್ಲಿ ತೆಗೆದಿದ್ದೇನೆ.

ಡೀಲ್_ಮಾಸ್ಟರ್

ಇದು ಚೆನ್ನಾಗಿದೆ, ಒಪ್ಪಿಕೊಂಡೆ. ಆದ್ರೂ ಆ ಏಳನೆಯದು ಪತ್ತೆ ಆಗಲಿಲ್ಲ ಅಂತ ಯಾಕೆ? ಅದನ್ನೂ ರಿಟರ್ನ್ ಲೆಕ್ಕಕ್ಕೆ ಸೇರಿಸಿಬಿಡಿ, 5 ಆಗುತ್ತೆ. ಇನ್ನೊಂದು ಭಯ ಏನಂದ್ರೆ, ವಿಧಾನ ತಪ್ಪು ಅಂತ ಬರೆದು ಕೊಟ್ಟರೆ ನಾಳೆ ಯಾರಾದ್ರೂ ಕೇಸ್ ಹಾಕಿದ್ರೆ?

ಹಳೇ_ಲೆಡ್ಜರ್

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ, ಪಟ್ಟಿಯಲ್ಲಿ ಐದನೇ ಸೀರಿಯಲ್ ಎಲ್ಲಿ ಅಂತ ಕೇಳಿದಾಗ ಏನು ಕೊಡುತ್ತೀರಿ? ಅದು ಹಾಗೇ ಇರಲಿ. ಫೋಟೋ ಮಸುಕಾಗಿತ್ತು, ಈಗ ಸ್ಕ್ಯಾನ್ ಮಾಡುತ್ತೇವೆ, ಹಾಗಾಗಿ ಆ ತೊಂದರೆಯೂ ಮುಗಿಯಿತು.

ಕೇಸಿನ ಭಯದ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಏನಾಯಿತೋ ಅಷ್ಟೇ ಬರೆಯಬೇಕು, ಮೋಸ, ವಂಚನೆ ಮುಂತಾದ ಮಾತು ತಾವೇ ತಮ್ಮ ಮೇಲೆ ಹಾಕಿಕೊಳ್ಳಬಾರದು ಎಂಬುದು ನನ್ನ ರೂಢಿ. ಯಾರಿಗಾದರೂ ಗಾಯ, ಚರ್ಮದ ಸೋಂಕು ಆದ ದೂರು ಇದ್ದರೆ ಮೊದಲು ವಕೀಲರಿಗೆ ಪತ್ರ ತೋರಿಸಿ.

ಗೋದಾಮಿನಿಂದ

ನನಗೆ ಇದರಲ್ಲಿ ಸ್ವಲ್ಪ ಭಿನ್ನಾಭಿಪ್ರಾಯ. ನಾನಾದರೆ ಎಣ್ಣೆಯ ಎರಡು ದೂರನ್ನು ಪತ್ರದಿಂದಲೇ ಬಿಡುತ್ತಿದ್ದೆ. ಗ್ರಾಹಕರಿಗೇ ತಿಳುವಳಿಕೆ ಇಲ್ಲ ಎಂದ ಹಾಗೆ ಓದಬಹುದು.

ಹಳೇ_ಲೆಡ್ಜರ್

ಬಿಟ್ಟರೆ ಎರಡು ಆರ್ಡರಿಗೆ ಉತ್ತರವೇ ಇಲ್ಲ ಎಂದಾಗುತ್ತದೆ. ವಿವರಣೆಯಲ್ಲಿ ತಿಳಿಸಿರಲಿಲ್ಲ ಎಂದು ತಮ್ಮ ಮೇಲೇ ಹಾಕಿಕೊಂಡು ಬರೆದಿದ್ದಾರಲ್ಲ, ಅದು ಸಾಕು ಅನಿಸುತ್ತದೆ. ನೀವು ಹೇಳಿದ ಅಪಾಯವೂ ಇದೆ. ಓದುವವರ ಮೇಲೆ ಹೋಗುತ್ತದೆ.

ಕತ್ತರಿ_ಬಾಚಣಿಗೆ

ಇದ್ದ ಹಾಗೇ ಕಳಿಸಿದೆ. ತಿರಸ್ಕಾರ ಬರಲಿಲ್ಲ, ಪ್ರಶ್ನೆ ಬಂತು. ಆ 11 ಪೀಸ್ ಈಗ ಎಲ್ಲಿವೆ, ಏನು ಮಾಡುತ್ತೀರಿ ಎಂದು ಕೇಳಿದ್ದಾರೆ. ಡೀಲ್_ಮಾಸ್ಟರ್ ಅವರೇ, ಅವರು ಹಿಡಿದುಕೊಂಡದ್ದು ಅದನ್ನೇ. ಡಿಸ್ಟ್ರಿಬ್ಯೂಟರಿಗೆ ವಾಪಸ್ ಕೊಡುವ ಮಾತಾಗಿದೆ, ಅವರ ಕ್ರೆಡಿಟ್ ನೋಟ್ ಬರಬೇಕು.

ಹಳೇ_ಲೆಡ್ಜರ್

ಪ್ರಶ್ನೆ ಬಂತು ಎಂದರೆ ಪತ್ರ ಓದಿದ್ದಾರೆ. ಉತ್ತರದಲ್ಲಿ ಅದೊಂದನ್ನೇ ಹೇಳಿ, ಇಡೀ ಪತ್ರ ಮತ್ತೆ ಕಳಿಸಬೇಡಿ. ಕ್ರೆಡಿಟ್ ನೋಟ್ ಬರುವ ತನಕ ಕಾದು ಅದರ ಜೊತೆಗೇ ಕಳಿಸಿ, ಕೊಟ್ಟ ಗಡುವಿನೊಳಗೆ ಮಾತ್ರ.

ಕತ್ತರಿ_ಬಾಚಣಿಗೆ

ಖಾತೆ ತೆರೆದಿದೆ! ಕ್ರೆಡಿಟ್ ನೋಟ್‌ನಲ್ಲಿ 11 ಸೀರಿಯಲ್ಲೂ ಇದ್ದವು, ಅದನ್ನು ಕಳಿಸಿದ ಮೇಲೆ ಮೇಲ್ ಬಂತು. ಎಲ್ಲರಿಗೂ ತುಂಬಾ ಧನ್ಯವಾದ, ಹಳೇ_ಲೆಡ್ಜರ್ ಅವರಿಗೂ, ಆ ಸ್ಟಿಕ್ಕರ್ ಬಗ್ಗೆ ಬರೆದ ಮೇಡಂಗೂ. ಅದು ಗೊತ್ತಾಗದಿದ್ದರೆ ನಾನು ಇನ್ನೂ ಬಿಲ್ಲನ್ನೇ ಹಿಡಿದುಕೊಂಡು ಕೂತಿರುತ್ತಿದ್ದೆ.

ಪೂರ್ತಿ ಮುಗಿದಿಲ್ಲ. ದೂರು ಜಾಸ್ತಿ ಬಂದ ಒಂದು ಮಾಡೆಲ್ ಲಿಸ್ಟಿಂಗ್ ಇನ್ನೂ ಬಂದ್ ಆಗಿಯೇ ಇದೆ. ತಡೆಹಿಡಿದ ಹಣವೂ ಬಂದಿಲ್ಲ. ಅದಕ್ಕೆ ಬೇರೆ ಅಪೀಲು ಹಾಕಬೇಕಾ?

ಗೋದಾಮಿನಿಂದ

ಹಣಕ್ಕೆ ಅಪೀಲು ಬೇಡ, ಮುಂದಿನ ಪಾವತಿ ಸೈಕಲ್‌ನಲ್ಲಿ ಬರುತ್ತದೆಯಾ ನೋಡಿ. ಖಾತೆ ತೆರೆಯದೇ ಇದ್ದಿದ್ದರೆ 90 ದಿನ ಹಿಡಿದಿಟ್ಟುಕೊಳ್ಳುವುದು ಹಲವು ಕಡೆ ಇದೆ. ಲಿಸ್ಟಿಂಗ್ ಬೇರೆ ವಿಷಯ, ಅದಕ್ಕೆ ಲಿಸ್ಟಿಂಗ್ ಪುಟದಿಂದಲೇ ಮನವಿ ಹಾಕಬೇಕು. ಅದೇ ಪಟ್ಟಿ, ಅದೇ ಕ್ರೆಡಿಟ್ ನೋಟ್, ಹೊಸ ಸೀಲ್ ಹಚ್ಚಿದ ಬಾಕ್ಸಿನ ಫೋಟೋ.

ಹಳೇ_ಲೆಡ್ಜರ್

ಆ ಮಾಡೆಲ್ ಮೇಲೆ ಎಣ್ಣೆಯ ಸಾಲನ್ನು ವಿವರಣೆಗೆ ಹಾಕಿ ಆಮೇಲೆ ಮನವಿ ಕಳಿಸಿ, ಎಡಿಟ್ ಮಾಡಲು ಬಿಡುತ್ತಿದ್ದರೆ. ರಿಜಿಸ್ಟರನ್ನು ತಮ್ಮನ ಕೈಯಲ್ಲೇ ಬಿಟ್ಟು ಮರೆಯಬೇಡಿ. ವಾರಕ್ಕೊಮ್ಮೆ ನೀವೇ ರಿಟರ್ನ್ ಕಾರಣಗಳನ್ನು ಓದಿ. ತೆರೆದ ಮೇಲೆ ಇದೇ ದೂರು ಮತ್ತೆ ಬಂದರೆ ಈ ಪತ್ರವನ್ನೇ ಎದುರಿಗಿಟ್ಟು ಕೇಳುತ್ತಾರೆ, ಆಗ ಹೇಳಲು ಹೊಸ ಕಾರಣ ಇರುವುದಿಲ್ಲ.

ಬಟ್ಟೆಗಂಟು

ಆ ಸ್ಪ್ರೆಡ್‌ಶೀಟ್‌ನಲ್ಲಿ ಸೆಲ್ ಕೆಂಪಾಗೋದು ಹೇಗೆ ಮಾಡಿದ್ರಿ? ನನಗೂ ಬೇಕಿತ್ತು.

ಕತ್ತರಿ_ಬಾಚಣಿಗೆ

ಸೀರಿಯಲ್ ಎಲ್ಲ `A` ಕಾಲಂನಲ್ಲಿ ಇರಲಿ, `A2`ಯಿಂದ ಶುರು. `A2`ಯಿಂದ ಕೆಳಗಿನ ಸೆಲ್‌ಗಳನ್ನು ಆಯ್ದುಕೊಂಡು ಕಂಡಿಷನಲ್ ಫಾರ್ಮ್ಯಾಟಿಂಗ್‌ನಲ್ಲಿ ಈ ಸೂತ್ರ ಹಾಕಿ ಕೆಂಪು ಬಣ್ಣ ಕೊಡಿ:

```
=COUNTIF($A$2:$A,A2)>1
```

ಇದು ಗೂಗಲ್ ಶೀಟ್ಸ್‌ಗೆ. ಎಕ್ಸೆಲ್‌ನಲ್ಲಾದರೆ `$A$2:$A$5000` ಅಂತ ಕೊನೆ ಕೊಡಬೇಕು. ಸ್ಕ್ಯಾನ್ ಮಾಡುವ ಮುಂಚೆ ಕಾಲಂ ಫಾರ್ಮ್ಯಾಟ್ ಪ್ಲೇನ್ ಟೆಕ್ಸ್ಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ನಂಬರಿನ ಶುರುವಿನಲ್ಲಿರುವ ಸೊನ್ನೆಗಳು ಹಾರಿಹೋಗುತ್ತವೆ. ನಮ್ಮಲ್ಲಿ ಮೊದಲ ದಿನ ಹಾಗೇ ಆಯಿತು.